ಅರ್ಧ ಗಂಟೆ ವಿವರಿಸಿದರೂ ಮರುದಿನ ಅದೇ ತಪ್ಪು: ಮಕ್ಕಳಿಗೆ ಫಾರ್ವರ್ಡ್ ಡಿಫೆನ್ಸ್ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕ. 10ರಿಂದ 12 ವರ್ಷದ ಇಪ್ಪತ್ತು ಮಕ್ಕಳಿಗೆ ಕ್ರಿಕೆಟ್ಟಿನ ಸ್ಟಾನ್ಸ್, ಗ್ರಿಪ್, ಫಾರ್ವರ್ಡ್ ಡಿಫೆನ್ಸ್ ಹೇಳಿಕೊಡುತ್ತಿದ್ದೇನೆ. ಎದುರಿಗೆ ಸರಿಯಾಗಿ ಮಾಡುತ್ತಾರೆ, ಮರುದಿನ ಮತ್ತೆ ಮೊದಲಿನಂತೆಯೇ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ:

ನಾನು ಕಲಬುರಗಿಯಲ್ಲಿ ಭಾನುವಾರದ ಬೆಳಗಿನ ಹೊತ್ತು ಇದೇ ವಯಸ್ಸಿನ ಮಕ್ಕಳಿಗೆ ಬ್ಯಾಟಿಂಗ್ ಹೇಳಿಕೊಡುತ್ತೇನೆ. ಕೆಲವು ವರ್ಷ ನಾನೂ ಉದ್ದುದ್ದ ವಿವರಣೆ ಕೊಡುತ್ತಿದ್ದೆ. ಅದನ್ನು ಬಿಟ್ಟದ್ದು ಹನ್ನೊಂದು ವರ್ಷದ ಒಬ್ಬ ಹುಡುಗನಿಂದಾಗಿ. ಆದ್ದರಿಂದ ಅವನ ವಿಷಯವನ್ನೇ ಹೇಳುತ್ತೇನೆ.

ಬಲಗೈ ಆಟಗಾರನಾದ ಅವನು ಮುಂದೆ ಬಂದು ಚೆಂಡನ್ನು ತಡೆದಾಗಲೆಲ್ಲ ಅದು ಬೌಲರನ ಕಡೆ ಹೋಗದೆ ಮಿಡ್‌ವಿಕೆಟ್ ಕಡೆಗೆ ಹೊರಳುತ್ತಿತ್ತು, ಕೆಲವೊಮ್ಮೆ ಗಾಳಿಗೂ ಏಳುತ್ತಿತ್ತು. ಮುಂಗಾಲು ಅಡ್ಡ ಬೀಳುತ್ತಿದೆ, ಅದಕ್ಕೇ ಬ್ಯಾಟು ಪ್ಯಾಡನ್ನು ಸುತ್ತಿಕೊಂಡು ಬರುತ್ತಿದೆ ಎಂದು ನಾನು ಊಹಿಸಿ ಎರಡು ಭಾನುವಾರ ಬರೀ ಅವನ ಕಾಲನ್ನೇ ತಿದ್ದಿದೆ. ಏನೂ ಬದಲಾಗಲಿಲ್ಲ. ಮೂರನೆಯ ವಾರ, ಮೇಲಿನ ಕೈ ಒಂದರಲ್ಲೇ, ಹಿಡಿಕೆಯನ್ನು ಸ್ವಲ್ಪ ಕೆಳಗೆ ಹಿಡಿದು ಆಡಲು ಹೇಳಿದಾಗ ಆರರಲ್ಲಿ ಐದು ಚೆಂಡು ನೇರ ಹೋದವು. ತಪ್ಪು ಕಾಲಿನದಾಗಿದ್ದರೆ ಒಂದೇ ಕೈಯಲ್ಲಿ ಆಡಿದರೂ ಚೆಂಡು ಹೊರಳಬೇಕಿತ್ತು. ತಪ್ಪು ಇದ್ದದ್ದು ಕೆಳಗಿನ ಕೈಯಲ್ಲಿ. ಗಲ್ಲಿಯಲ್ಲಿ ಟೆನಿಸ್ ಬಾಲನ್ನು ಎತ್ತಿ ಹೊಡೆದು ಬೆಳೆದ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕೆಳಗಿನ ಅಂಗೈಯನ್ನು ಹಿಡಿಕೆಯ ಹಿಂದೆ ಇಟ್ಟು, ಮುಷ್ಟಿ ಬಿಗಿದು ತಳ್ಳುತ್ತಾರೆ. ಆಗ ಬ್ಯಾಟಿನ ಮುಖ ಲೆಗ್ ಕಡೆಗೆ ಮುಚ್ಚಿಕೊಳ್ಳುತ್ತದೆ. ಕಾಲು ತಿದ್ದುವ ಮೊದಲು ಈ ಒಂದು ಕೈಯ ಪರೀಕ್ಷೆ ಮಾಡಿಬಿಡಿ, ನನ್ನ ಹಾಗೆ ಎರಡು ವಾರ ಕಳೆದುಕೊಳ್ಳಬೇಡಿ.

ಗ್ರಿಪ್ ತಿದ್ದಲು ಬ್ಯಾಟನ್ನು ಮುಖ ಕೆಳಗಾಗಿ, ಹಿಡಿಕೆ ಹುಡುಗನ ಕಡೆಗೆ ಬರುವಂತೆ ನೆಲದ ಮೇಲಿಟ್ಟು, ಕಟ್ಟಿಗೆ ಒಡೆಯಲು ಕೊಡಲಿ ಎತ್ತುವಂತೆ ಎರಡೂ ಕೈಯಿಂದ ಎತ್ತಲು ಹೇಳಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೂಡುವ ‘ವಿ’ ಆಕಾರಗಳು ಎರಡೂ ಕೈಯಲ್ಲಿ ಒಂದೇ ಗೆರೆಗೆ ಬಂದು, ಬ್ಯಾಟಿನ ಬೆನ್ನಿನ ನಡುವಿನ ಉಬ್ಬಿಗೂ ಹೊರ ಅಂಚಿಗೂ ನಡುವೆ ನಿಲ್ಲಬೇಕು. ಮೇಲಿನ ಕೈ ಗಟ್ಟಿ, ಕೆಳಗಿನ ಕೈ ಸಡಿಲ. ಸಡಿಲ ಎಂದರೆ ಎಷ್ಟು ಎಂಬುದೇ ಮಕ್ಕಳಿಗೆ ತಿಳಿಯದ ಕಾರಣ ನಾನು “ಬಿಸಿ ಚಾದ ಗ್ಲಾಸ್ ಹಿಡದಂಗ, ಬೆರಳಿನ್ಯಾಗ ಹಿಡಿ ತಮ್ಮಾ” ಎನ್ನುತ್ತೇನೆ. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಸಾಕು. ಸ್ಟಾನ್ಸ್ ಬಗ್ಗೆ ಈ ಹಂತದಲ್ಲಿ ಹೆಚ್ಚು ಮಾತು ಬೇಡ. ಪಾದಗಳ ನಡುವೆ ಭುಜದಗಲ ಅಂತರ, ಮೊಣಕಾಲು ತುಸು ಸಡಿಲ, ಎರಡೂ ಕಣ್ಣು ಒಂದೇ ಮಟ್ಟದಲ್ಲಿ ಬೌಲರನ ಕಡೆ ಇದ್ದರೆ ಮುಂದೆ ಹೋಗಿ.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಮೂವರು ಮಕ್ಕಳ ಗುಂಪು ಮಾಡಿ: ಒಬ್ಬ ಆರೇಳು ಹೆಜ್ಜೆ ದೂರದಿಂದ ಟೆನಿಸ್ ಬಾಲನ್ನು ಕೆಳಗೈಯಿಂದ ಎಸೆಯಲಿ, ಒಬ್ಬ ಆಡಲಿ, ಒಬ್ಬ ಎಣಿಸಲಿ. ನಮ್ಮ ಕಪ್ಪು ಮಣ್ಣು ಬಿರುಕು ಬಿಟ್ಟಿರುವುದರಿಂದ ಚೆಂಡು ಒಮ್ಮೆ ಏಳುತ್ತದೆ, ಒಮ್ಮೆ ಕೂರುತ್ತದೆ. ಹಾಗಾದಾಗ ತಪ್ಪು ಹುಡುಗನದೋ ನೆಲದ್ದೋ ಗೊತ್ತಾಗುವುದಿಲ್ಲ. ಆದ್ದರಿಂದ ಎರಡಡಿ ಚೌಕದ ಒಂದು ಶಹಾಬಾದ್ ಪರ್ಸಿ ಕಲ್ಲನ್ನು, ಅಂಚು ಕಾಲಿಗೆ ತಾಗದಂತೆ ನೆಲಕ್ಕೆ ಸಮನಾಗಿ ಹೂಳಿ, ಚೆಂಡು ಅದರ ಮೇಲೆಯೇ ಪುಟಿಯುವಂತೆ ಮಾಡಿಸುತ್ತೇನೆ. ಮುಂಗಾಲು ಪರ್ಸಿಯ ಸ್ವಲ್ಪ ಹಿಂದೆ ಬೀಳುವಷ್ಟು ದೂರದಲ್ಲಿ ಅದು ಇರಬೇಕು. ಬೌಲರನ ಕಡೆ ನಾಲ್ಕು ಹೆಜ್ಜೆ ಮುಂದೆ ಎರಡು ಚಪ್ಪಲಿಗಳನ್ನು ಎರಡು ಹೆಜ್ಜೆ ಅಂತರದಲ್ಲಿ ಇಡಿ. ತಡೆದ ಚೆಂಡು ಗಾಳಿಗೇಳದೆ, ನೆಲದ ಮೇಲೆಯೇ ಉರುಳಿ ಆ ಬಾಗಿಲಿನ ದಿಕ್ಕಿಗೆ ಹೋದರೆ ಒಂದು ಅಂಕ. ಚೆಂಡಿಗೆ ಸೀಮೆಸುಣ್ಣದ ಪುಡಿ ಸವರಿದರೆ ಬ್ಯಾಟಿನ ಮೇಲೆ ಗುರುತು ಉಳಿಯುತ್ತದೆ. ಗುರುತು ಒಳ ಅಂಚಿನ ಕಡೆ ಇದ್ದರೆ ಬ್ಯಾಟು ಚೆಂಡಿನ ಗೆರೆಯಲ್ಲಿ ಬಂದಿಲ್ಲ, ಹಿಡಿಕೆಯ ಹತ್ತಿರ ಇದ್ದರೆ ಚೆಂಡು ಪುಟಿಯುವ ಜಾಗಕ್ಕೆ ಹುಡುಗ ತಲುಪಿಲ್ಲ ಎಂದು ತಿಳಿಯಬಹುದು.

ಆರು ಚೆಂಡು ಮುಗಿಯುವವರೆಗೆ ನೀವು ಬಾಯಿ ತೆರೆಯಬಾರದು. ಇದು ನನಗೆ ಎಲ್ಲಕ್ಕಿಂತ ಕಷ್ಟವಾದ ಭಾಗ. ಆರು ಮುಗಿದ ಮೇಲೆ ಮೊದಲು ಕೇಳಿ: ಚೆಂಡು ಎಲ್ಲಿ ಹೋಯಿತು, ಗುರುತು ಎಲ್ಲಿದೆ? ನನ್ನ ಹುಡುಗ ಮೊದಮೊದಲು “ಗೊತ್ತಿಲ್ರಿ ಸರ್” ಎನ್ನುತ್ತಿದ್ದ. ಎರಡನೆಯ ದಿನ ಬ್ಯಾಟು ನೋಡಿಕೊಂಡು “ಕೆಳಗಿನ ಕೈ ಬಿಗಿ ಆತ್ರಿ” ಎಂದು ತಾನೇ ಹೇಳಿದ. ಅವನ ಉತ್ತರದ ನಂತರ ಒಂದೇ ಒಂದು ಸೂಚನೆ ಕೊಟ್ಟು ಮತ್ತೆ ಆರು ಚೆಂಡು. ಈ ಸುತ್ತು ಎರಡು ಮೂರು ನಿಮಿಷದಲ್ಲಿ ಮುಗಿಯಬೇಕು. ಆ ಹೊತ್ತಿನಲ್ಲಿ ತಲೆ, ಮೊಣಕೈ, ಮುಂಗಾಲು ಎಲ್ಲವೂ ನಿಮ್ಮ ಕಣ್ಣಿಗೆ ಬೀಳುತ್ತವೆ, ಆದರೂ ಅವನ್ನು ಮುಂದಿನ ವಾರಕ್ಕೆ ಬಿಡಿ.

ಅವನ ಅಂಕ ಮೊದಲ ಸುತ್ತಿನಲ್ಲಿ 1, ಆಮೇಲೆ 2, 4, 4, 5. ಹಿಂದಿನ ನಾನಾಗಿದ್ದರೆ ಅಲ್ಲಿಗೆ ಕಲಿತ ಎಂದುಕೊಳ್ಳುತ್ತಿದ್ದೆ. ಮುಂದಿನ ವಾರ ಏನೂ ಹೇಳದೆ ಮೊದಲ ಆರು ಚೆಂಡು ಆಡಿಸಿದಾಗ ಬಂದದ್ದು 3. ಅವನು ನಿಜವಾಗಿ ಕಲಿತದ್ದು ಆ ಮೂರು. ಉಳಿದ ಎರಡು ನನ್ನ ಮಾತು ಕಿವಿಯಲ್ಲಿ ಇರುವಷ್ಟು ಹೊತ್ತು ಮಾತ್ರ ಇದ್ದವು. ನಿಮ್ಮ ಮಕ್ಕಳಲ್ಲಿ ಆಗುತ್ತಿರುವುದೂ ಇದೇ. ಹಾಗಾಗಿ ಪ್ರತಿ ದಿನದ ಮೊದಲ ಆರು ಚೆಂಡನ್ನು ಮಾತಿಲ್ಲದೆ ಆಡಿಸಿ, ಆ ಅಂಕವನ್ನು ಮಾತ್ರ ಪುಸ್ತಕದಲ್ಲಿ ಬರೆದಿಡಿ. ಅದು ನಾಲ್ಕು ದಾಟಿದ ಮೇಲೆ ಸೂಚನೆಯನ್ನು ಎರಡು ಸುತ್ತಿಗೊಮ್ಮೆ, ಅದೂ ಅಂಕ ನಾಲ್ಕಕ್ಕಿಂತ ಇಳಿದಾಗ ಮಾತ್ರ ಕೊಡಿ. ಪ್ರತಿ ಚೆಂಡಿಗೂ ಹೇಳಿಸಿಕೊಳ್ಳುವ ಹುಡುಗ ಚೆಂಡನ್ನು ಬಿಟ್ಟು ನಿಮ್ಮ ಮುಖ ನೋಡಲು ಕಲಿಯುತ್ತಾನೆ.

ಈ ಅಭ್ಯಾಸಕ್ಕೆ ಒಂದು ಮಿತಿಯಿದೆ. ಎಲ್ಲ ಚೆಂಡೂ ಒಂದೇ ಕಡೆ ಪುಟಿಯುವುದರಿಂದ ಚೆಂಡು ಕೈಬಿಡುವ ಮೊದಲೇ ಮುಂಗಾಲು ಇಡುವ ಚಟ ಬೀಳುತ್ತದೆ. ಪರ್ಸಿ ತೆಗೆದು ನಡುನಡುವೆ ಗಿಡ್ಡ ಚೆಂಡು ಎಸೆಸಿದಾಗ ನನ್ನ ಹುಡುಗನ ಅಂಕ ಎರಡಕ್ಕೆ ಇಳಿಯಿತು. ಆಗ ಗ್ರಿಪ್ಪಿನ ಮಾತು ಎತ್ತದೆ, ಚೆಂಡು ಕೈಬಿಟ್ಟ ಕೂಡಲೇ “ಮುಂದ” ಅಥವಾ “ಹಿಂದ” ಎಂದು ಜೋರಾಗಿ ಕೂಗಲು ಹೇಳಿದೆ. ಕೂಗುವುದಕ್ಕೆ ಮೊದಲೇ ಕಾಲು ಹೋದರೆ ಅಂಕವಿಲ್ಲ. ಗಟ್ಟಿ ನೆಲದ ಮೇಲೆ ಹಾಸಿದ ಮ್ಯಾಟಿನಲ್ಲಿ ಚೆಂಡು ಎತ್ತರಕ್ಕೆ ಏಳುವುದರಿಂದ ಈ ಹಂತವನ್ನು ಬಿಡಲೇಬೇಡಿ. ಲೆದರ್ ಬಾಲು, ಪ್ಯಾಡು, ಹೆಲ್ಮೆಟ್ಟು ಇದಾದ ಮೇಲೆಯೇ.

ಇಷ್ಟೆಲ್ಲ ಶುರು ಮಾಡುವ ಮೊದಲು ಮಕ್ಕಳ ಬ್ಯಾಟುಗಳನ್ನು ಒಮ್ಮೆ ನೋಡಿ. ನನ್ನ ಹುಡುಗ ಆಡುತ್ತಿದ್ದದ್ದು ಅಣ್ಣನ ಪೂರ್ಣ ಅಳತೆಯ ಬ್ಯಾಟು. ಮೇಲಿನ ಕೈ ಒಂದರಲ್ಲೇ ಹಿಡಿದು ಬ್ಯಾಟನ್ನು ನೆಲಕ್ಕೆ ಸಮಾಂತರವಾಗಿ ಎತ್ತಿ ಕೆಲವು ಕ್ಷಣ ನಿಲ್ಲಿಸಲು ಆಗದ ಮಗು ಕೆಳಗಿನ ಕೈಯನ್ನು ಬಿಗಿ ಮಾಡದೆ ಬೇರೆ ದಾರಿಯಿಲ್ಲ. ಚಿಕ್ಕ ಬ್ಯಾಟು ಕೊಟ್ಟ ಮೇಲೆಯೇ ಅವನಿಗೆ ಚಾದ ಗ್ಲಾಸಿನ ಮಾತು ಹತ್ತಿದ್ದು.