ಸಿಂಹವನ್ನು ಕೊಂದು ತೊಡೆ ತಟ್ಟಿದವನು

"ಸಂಪಾದಕರೇ, ಎಲ್ಡನ್ ರಿಂಗ್ ಗೇಮ್‌ನಲ್ಲಿ ಗಾಡ್‌ಫ್ರೇ ಅನ್ನೋ ಬಾಸ್ ಕೈಯಲ್ಲಿ ಮೂವತ್ತು ಸಲವಾದ್ರೂ ಸತ್ತಿದ್ದೀನಿ. ಕಷ್ಟಪಟ್ಟು ಅರ್ಧ ಜೀವ ಇಳಿಸಿದ್ರೆ, ಕೊಡಲಿ ಬಿಟ್ಟು ಬೇರೆಯವನ ಥರ ಹೊಡೆಯೋಕೆ ಶುರು ಮಾಡ್ತಾನೆ. ಇದು ಸುಮ್ನೆ ಕಷ್ಟ ಜಾಸ್ತಿ ಮಾಡೋಕೆ ತಾನೇ?"
— ಓದುಗರೊಬ್ಬರು, ಮಂಡ್ಯ

ಮುಂದಿನ ಸಲ ಒಳಗೆ ಹೋದಾಗ ಅವನ ಬೆನ್ನು ನೋಡಿ. ಅಲ್ಲೊಂದು ಸಿಂಹ ಅಂಟಿಕೊಂಡಿದೆ. ಅದರ ಹೆಸರು ಸೆರೋಶ್.

ಗಾಡ್‌ಫ್ರೇ ಹುಟ್ಟಿನಿಂದ ರಾಜನಲ್ಲ. ಬರಡು ಸೀಮೆಯ ನಾಯಕ, ನಿಜವಾದ ಹೆಸರು ಹೋರಾ ಲೂ. ರಾಣಿ ಮರಿಕಾಳನ್ನು ಕೈಹಿಡಿದು ಪಟ್ಟಕ್ಕೆ ಬಂದಾಗ, ತನ್ನೊಳಗಿನ ಕಾದಾಟದ ಹುಚ್ಚು ಅಡಗಿರಲಿ ಅಂತ ಈ ಸಿಂಹವನ್ನು ಬೆನ್ನಿಗೇರಿಸಿಕೊಂಡ. ಗೆಲ್ಲೋಕೆ ಶತ್ರುಗಳೇ ಉಳಿಯದಿದ್ದಾಗ ದೈವದ ಕೃಪೆ ಅವನನ್ನು ಬಿಟ್ಟಿತು. ಗಡೀಪಾರಾದ. ಈಗ ನಿಮ್ಮೆದುರು ನಿಂತಿರುವುದು ಎಷ್ಟೋ ಕಾಲದ ಮೇಲೆ ವಾಪಸ್ ಬಂದವನು.

ಹಾಗಾಗಿ ಮೊದಲರ್ಧದಲ್ಲಿ ಅವನ ಹೊಡೆತಕ್ಕೆ ಒಂದು ಗತ್ತಿದೆ. ಕೊಡಲಿ ಎತ್ತುತ್ತಾನೆ, ಬೀಸುತ್ತಾನೆ, ಕಾಲಿಂದ ನೆಲ ಒದೆಯುತ್ತಾನೆ. ಅರ್ಧ ಜೀವ ಇಳಿದಾಗ ಸೆರೋಶ್‌ನನ್ನು ತನ್ನ ಕೈಯಾರೆ ಕೊಲ್ಲುತ್ತಾನೆ. ಮೈಯೆಲ್ಲ ರಕ್ತ. ಇಷ್ಟು ಹೊತ್ತು ಮರ್ಯಾದೆ ಕೊಟ್ಟೆ, ಇನ್ನು ಯೋಧನಾಗಿ ಕಾದಾಡ್ತೀನಿ ಅಂತ ಹೇಳ್ತಾನೆ. ಪರದೆಯ ಕೆಳಗೆ, ಜೀವದ ಪಟ್ಟಿಯ ಮೇಲಿದ್ದ ಹೆಸರೂ ಬದಲಾಗಿ ಹೋರಾ ಲೂ ಆಗುತ್ತದೆ. ಬರೀ ಹೆಸರು ಬದಲಾಗಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ.

ಆದರೆ ಇಲ್ಲಿ ನಿಮ್ಮ ಕೈಕೆಲಸವೂ ಬದಲಾಗಬೇಕು. ಕೊಡಲಿಯ ಏಟನ್ನು ಗುರಾಣಿ ತಡೆಯುತ್ತದೆ. ಹಿಡಿದೆತ್ತಿ ನೆಲಕ್ಕೆ ಅಪ್ಪಳಿಸುವ ಪಟ್ಟನ್ನು ಗುರಾಣಿ ತಡೆಯೋದಿಲ್ಲ. ಮೈಸೂರಿನ ನಮ್ಮ ಬೀದಿಯ ಗರಡಿಯಲ್ಲಿ ಚಿಕ್ಕಂದಿನಲ್ಲಿ ಇದನ್ನೇ ನೋಡಿದ್ದೇನೆ. ಹೊರಗೆ ಪೇಟ ಸುತ್ತಿಕೊಂಡು ಮೆಲ್ಲಗೆ ಮಾತಾಡುವ ಪೈಲ್ವಾನರು, ಅಂಗಿ ಕಳಚಿ ಕೆಮ್ಮಣ್ಣಿಗೆ ಇಳಿದು ತೊಡೆ ತಟ್ಟಿದರೆ ಬೇರೆಯೇ ಮನುಷ್ಯ. ಅವರು ಹತ್ತಿರ ಬಂದ ಮೇಲೆ ದೂರದ ಲೆಕ್ಕ ಯಾವುದೂ ನಡೆಯುತ್ತಿರಲಿಲ್ಲ.

ಪೂರ್ವಕತೆ ಕಾಳಗದೊಳಗೆ ಬೆರೆತಿದೆಯೋ ಇಲ್ಲವೋ ತಿಳಿಯೋಕೆ ನಾನು ಮಾಡುವುದು ಇಷ್ಟೇ. ಎರಡನೇ ಹಂತದ ಹೊಡೆತಗಳನ್ನು ಇನ್ನೊಬ್ಬ ಬಾಸ್‌ಗೆ ಕೊಟ್ಟು ಯೋಚಿಸಿ. ಏನೂ ಕೆಡದಿದ್ದರೆ ಅದು ಬರೀ ಕಷ್ಟ ಹೆಚ್ಚಿಸಿದ್ದು. ಕುಸ್ತಿಯನ್ನು ಗಾಡ್‌ಫ್ರೇಯಿಂದ ಕಿತ್ತುಕೊಂಡರೆ ಸಿಂಹ ಸತ್ತಿದ್ದಕ್ಕೇ ಅರ್ಥವಿಲ್ಲ. ರಾಜಧಾನಿ ಲೇಂಡೆಲ್‌ನಲ್ಲಿ ಮೊದಲೇ ಎದುರಾಗುವ ಅವನ ಚಿನ್ನದ ನೆರಳು ನೆನಪಿದೆಯಾ? ಅದು ಕೊನೆಯವರೆಗೂ ಕೊಡಲಿ ಬಿಡೋದಿಲ್ಲ. ಅಲ್ಲಿ ಉಳಿದಿರುವುದು ರಾಜನ ನೆರಳು ಮಾತ್ರ. ಅಲ್ಲಿ ಕಲಿತದ್ದು ನಿಮಗೆ ಅರ್ಧ ದಾರಿಗಷ್ಟೇ ಸಾಲುತ್ತದೆ.

ಒಂದು ಕೊರತೆಯನ್ನು ಒಪ್ಪಲೇಬೇಕು. ಸಿಂಹವನ್ನು ಹೊತ್ತ ಕಾರಣ ಗಾಡ್‌ಫ್ರೇ ಐಕಾನ್ ಎಂಬ ತಾಯಿತದ ವಿವರಣೆಯಲ್ಲಿದೆ. ಆ ತಾಯಿತ ಸಿಗುವುದು ಬೇರೆಲ್ಲೋ ಇರುವ ಗಾಡೆಫ್ರಾಯ್ ಎಂಬ ಇನ್ನೊಬ್ಬ ಬಾಸ್‌ನನ್ನು ಸೋಲಿಸಿದ ಮೇಲೆ. ಕಾದಾಡುವಾಗ ತಿಳಿಯಬೇಕಾದದ್ದು ಅವನನ್ನು ಹುಡುಕಿ ಹೋದವರಿಗಷ್ಟೇ ಕೈಗೆ ಬರುತ್ತದೆ. ನಿಮಗೆ ಸಿಟ್ಟು ಬಂದದ್ದರಲ್ಲಿ ತಪ್ಪಿಲ್ಲ.

ಸೆರೋಶ್ ಸತ್ತ ಮೇಲೆ ಗುರಾಣಿ ನಂಬಬೇಡಿ. ಅವನು ಹಿಡಿಯೋಕೆ ನುಗ್ಗಿದಾಗ ಉರುಳಿ ತಪ್ಪಿಸಿಕೊಳ್ಳಿ. ನೆಲ ಒದೆದಾಗ ಜಿಗಿಯಿರಿ. ಗೆದ್ದ ದಿನ ಒಂದು ಸಾಲು ಬರೆದು ಹಾಕಿ.