ಅಂಗಡಿ ಇಲ್ಲದ ಎಲೆಕ್ಟ್ರಿಷಿಯನ್‌ಗೆ ಗೂಗಲ್‌ನಿಂದ ಕೆಲಸ ಬರೋದು ಹೇಗೆ?

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದಲ್ಲಿ ಎಲೆಕ್ಟ್ರಿಷಿಯನ್. ಅಂಗಡಿ ಇಲ್ಲ, ಮನೆಯಿಂದಲೇ ಕೆಲಸಕ್ಕೆ ಹೋಗ್ತೀನಿ. ಗೂಗಲ್‌ನಲ್ಲಿ ಹೆಸರು ಹಾಕಿ ತುಂಬಾ ದಿನ ಆಯ್ತು, ಕಾಲ್ ಬರ್ತಿಲ್ಲ. ಕೆಲವರು ಫೋನ್ ಮಾಡಿ ದುಡ್ಡು ಕೊಟ್ರೆ 50 ರಿವ್ಯೂ ಹಾಕಿಸ್ತೀವಿ ಅಂತಾರೆ. ಹಾಕಿಸಬಹುದಾ? ಇಲ್ಲ ಅಂದ್ರೆ ರಿವ್ಯೂ ಹೇಗೆ ಬರುತ್ತೆ?

ಉತ್ತರ:

ಹಾಕಿಸಬೇಡಿ. ನಾನೂ ಮೈಸೂರಿನವನೇ, ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್. ಮನೆ ವೈರಿಂಗ್, ರಿಪೇರಿ ಕೆಲಸವೇ ಹೆಚ್ಚು ಮಾಡೋದು. ಆ ಕಾಲ್‌ಗಳು ನನಗೂ ಬರ್ತವೆ. ದುಡ್ಡು ಕೊಟ್ಟು ತರಿಸಿದ ರಿವ್ಯೂ ಒಂದೇ ವಾರದಲ್ಲಿ, ಬೇರೆ ಯಾವುದೋ ಊರಿನ ಖಾತೆಗಳಿಂದ, 'ಗುಡ್ ಸರ್ವಿಸ್', 'ನೈಸ್ ವರ್ಕ್' ಅಂತ ಸಾಲುಸಾಲಾಗಿ ಬರ್ತವೆ. ಓದೋರಿಗೇ ಅದು ಗೊತ್ತಾಗುತ್ತೆ, ಗೂಗಲ್‌ಗೂ ಗೊತ್ತಾಗುತ್ತೆ. ಸಿಕ್ಕಿಬಿದ್ರೆ ಆ ರಿವ್ಯೂ ತೆಗೆದು ಸುಮ್ಮನಾಗಲ್ಲ. ಕೆಲವು ಕಾಲ ಹೊಸ ರಿವ್ಯೂನೇ ಬರದ ಹಾಗೆ ತಡೆಯಬಹುದು, ಇರೋ ರಿವ್ಯೂಗಳನ್ನೂ ಮರೆಮಾಡಬಹುದು, ನಕಲಿ ರಿವ್ಯೂ ತೆಗೆದಿದ್ದೀವಿ ಅಂತ ನಿಮ್ಮ ಪ್ರೊಫೈಲ್ ಮೇಲೇ ಎಚ್ಚರಿಕೆ ಹಾಕಬಹುದು. ಅಷ್ಟಾದ ಮೇಲೆ ನಿಜವಾದ ಗಿರಾಕಿ ಬರೆಯಬೇಕು ಅಂದ್ರೂ ದಾರಿ ಇರಲ್ಲ. ಇನ್ನೊಂದು ಮಾತು: 'ಗೂಗಲ್ ಕಡೆಯಿಂದ ಮಾತಾಡ್ತಿದ್ದೀವಿ, ಫೋನಿಗೆ ಬಂದ ಕೋಡ್ ಹೇಳಿ' ಅಂದ್ರೆ ಯಾವ ಕಾರಣಕ್ಕೂ ಹೇಳಬೇಡಿ. ಪ್ರೊಫೈಲ್ ಅವರ ಕೈಗೆ ಹೋಗುತ್ತೆ. ಬಿಸಿನೆಸ್ ಪ್ರೊಫೈಲ್ ಇಟ್ಟುಕೊಳ್ಳೋಕೆ ಗೂಗಲ್ ಒಂದು ರೂಪಾಯಿನೂ ಕೇಳಲ್ಲ.

ಹೆಸರು ಹಾಕಿದ್ರೂ ಕಾಲ್ ಯಾಕೆ ಬರ್ತಿಲ್ಲ ಅನ್ನೋದಕ್ಕೆ ಮೊದಲು ಮೂರು ವಿಷಯ ನೋಡಿಕೊಳ್ಳಿ. ಪ್ರೊಫೈಲ್ ವೆರಿಫೈ ಆಗಿದೆಯಾ? ಈಗ ಬಹಳ ಜನಕ್ಕೆ ವಿಡಿಯೋ ಕೇಳ್ತಾರೆ. ಎಲ್ಲೂ ನಿಲ್ಲಿಸದೆ, ಕತ್ತರಿಸದೆ ಒಂದೇ ಸಲಕ್ಕೆ ತೆಗೀಬೇಕು. ನಿಮ್ಮ ರಸ್ತೆಯ ಬೋರ್ಡ್, ಟೂಲ್ಸ್ ಬ್ಯಾಗು, ಮೆಗ್ಗರ್, ಡ್ರಿಲ್ಲಿಂಗ್ ಮೆಷಿನ್, ನಿಮ್ಮ ಹೆಸರಿರೋ ಬಿಲ್ ಬುಕ್ಕು ಅಥವಾ ಲೈಸೆನ್ಸು, ಇವೆಲ್ಲ ಅದರಲ್ಲಿ ಬರಲಿ. ಎರಡನೇದು, ಅಂಗಡಿ ಇಲ್ಲದವರು ಮನೆ ವಿಳಾಸ ಕಾಣದ ಹಾಗೆ ಮಾಡಿ, Service area ಅಂತ ಇರೋ ಕಡೆ ಕೆಲಸ ಮಾಡೋ ಬಡಾವಣೆಗಳನ್ನು ಹಾಕಬೇಕು. 20 ಜಾಗದವರೆಗೆ ಹಾಕಬಹುದು. ಮೂರನೇದು ಹೆಸರು. 'ಬೆಸ್ಟ್ ಎಲೆಕ್ಟ್ರಿಷಿಯನ್ ಮೈಸೂರು 24 ಗಂಟೆ ಸರ್ವಿಸ್' ಅಂತ ಬಾಲ ಸೇರಿಸಿದ್ರೆ ಪ್ರೊಫೈಲ್ ಸಸ್ಪೆಂಡ್ ಆಗೋ ಸಾಧ್ಯತೆ ಇದೆ. ಬಿಲ್ಲಿನ ಮೇಲೆ ಏನು ಹೆಸರಿದೆಯೋ ಅದೇ ಇರಲಿ.

ಇದಕ್ಕೊಂದು ಮಿತಿಯೂ ಇದೆ. ಹುಡುಕಿದವರಿಗೆ ಯಾರನ್ನು ಮೇಲೆ ತೋರಿಸಬೇಕು ಅಂತ ಗೂಗಲ್ ನೋಡೋದು ಮುಖ್ಯವಾಗಿ ಮೂರು: ಅವರು ಕೇಳಿದ ಕೆಲಸಕ್ಕೂ ನಿಮಗೂ ಎಷ್ಟು ಹೊಂದುತ್ತೆ, ನೀವು ಎಷ್ಟು ದೂರ, ನಿಮಗೆ ಎಷ್ಟು ಹೆಸರಿದೆ. ಹಾಗಾಗಿ ಸರ್ವಿಸ್ ಏರಿಯಾದಲ್ಲಿ ಇಡೀ ಮೈಸೂರು ಹಾಕಿದ ಮಾತ್ರಕ್ಕೆ ಸಿದ್ದಾರ್ಥ ಬಡಾವಣೆಯವರಿಗೆ ನೀವು ಮೇಲೆ ಕಾಣಲ್ಲ, ಅಲ್ಲಿ ಹತ್ತಿರದವರು ಇದ್ದೇ ಇರ್ತಾರೆ. ಕುವೆಂಪುನಗರ, ರಾಮಕೃಷ್ಣನಗರ, ದಟ್ಟಗಳ್ಳಿ, ಇಷ್ಟರಲ್ಲೇ ಗಟ್ಟಿಯಾಗಿ ನಿಲ್ಲೋದನ್ನು ಮೊದಲು ನೋಡಿ. ದೂರ ನಿಮ್ಮ ಕೈಲಿಲ್ಲ, ಹೆಸರು ಇದೆ. ರಿವ್ಯೂ ಕೆಲಸಕ್ಕೆ ಬರೋದು ಅಲ್ಲಿ.

ಎಂಥ ರಿವ್ಯೂ ಅನ್ನೋದೇ ಮುಖ್ಯ. ದಟ್ಟಗಳ್ಳಿಯ ಒಂದು ಮನೆಯ ಕೆಲಸವನ್ನೇ ತಗೊಂಡು ಹೇಳ್ತೀನಿ. ಗೀಸರ್ ಹಾಕಿದ ತಕ್ಷಣ ಇಡೀ ಮನೆ ಕರೆಂಟ್ ಹೋಗುತ್ತೆ ಅಂತ ಕರೆದರು. ಬೀಳ್ತಿದ್ದದ್ದು ಎಂಸಿಬಿ ಅಲ್ಲ, 30 ಮಿಲಿಆಂಪಿನ ಆರ್‌ಸಿಸಿಬಿ. ಅಂದ್ರೆ ಲೋಡ್ ಜಾಸ್ತಿಯಾದದ್ದಲ್ಲ, ಎಲ್ಲೋ ಅರ್ಥ್‌ಗೆ ಕರೆಂಟ್ ಸೋರ್ತಿದೆ. ಹಿಂದೆ ಬಂದಿದ್ದ ಯಾರೋ ಒಬ್ಬರು 'ಆರ್‌ಸಿಸಿಬಿ ವೀಕ್ ಆಗಿದೆ, ಬೈಪಾಸ್ ಮಾಡಿಬಿಡೋಣ' ಅಂದಿದ್ದರಂತೆ. ಆ ಮನೆಯ ಮೇಡಂ ಒಪ್ಪದೇ ಇದ್ದದ್ದು ಅವರ ಪುಣ್ಯ. ಗೀಸರ್ ವೈರ್ ಬಿಚ್ಚಿ, 500 ವೋಲ್ಟ್ ಮೆಗ್ಗರ್ ಅನ್ನು ಎಲಿಮೆಂಟ್ ಟರ್ಮಿನಲ್‌ಗೂ ಅರ್ಥ್‌ಗೂ ಹಿಡಿದು ಮೇಡಂಗೇ ತೋರಿಸಿದೆ. ಮುಳ್ಳು ಸೊನ್ನೆ ಹತ್ತಿರವೇ ನಿಂತಿತ್ತು. ಸರಿಯಿರೋ ಎಲಿಮೆಂಟ್ ಆದ್ರೆ ಒಂದು ಮೆಗಾ ಓಮ್‌ಗಿಂತ ಎಷ್ಟೋ ಮೇಲೆ ಹೋಗಬೇಕು. ಬಿಚ್ಚಿ ನೋಡಿದ್ರೆ ಬೋರ್ ನೀರಿನ ಸುಣ್ಣ ಕಟ್ಟಿ ಎಲಿಮೆಂಟ್ ಕೊಳವೆ ಸೀಳಿತ್ತು. ಹೊಸದು ಹಾಕಿ, ಮತ್ತೆ ಮೆಗ್ಗರ್ ಹಿಡಿದು ತೋರಿಸಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಅದು ಬೀಳೋದನ್ನೂ ತೋರಿಸಿದೆ. ಹಳೇ ಎಲಿಮೆಂಟ್ ಅವರ ಕೈಗೇ ಕೊಟ್ಟೆ.

ರಿವ್ಯೂ ಹುಟ್ಟೋದು ಈ ತೋರಿಸೋದರಲ್ಲಿ. ಏನಾಗಿತ್ತು ಅಂತ ಗಿರಾಕಿಗೇ ಗೊತ್ತಿಲ್ಲದಿದ್ರೆ 'ಒಳ್ಳೆ ಕೆಲಸ' ಅನ್ನೋದು ಬಿಟ್ಟು ಅವರು ಏನು ತಾನೇ ಬರೀತಾರೆ? ಆ ಮೇಡಂ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು: 'ಗೀಸರ್ ಹಾಕಿದ್ರೆ ಆರ್‌ಸಿಸಿಬಿ ಟ್ರಿಪ್ ಆಗ್ತಿತ್ತು. ಬೇರೆಯವರು ಬೈಪಾಸ್ ಮಾಡಿ ಅಂದಿದ್ರು. ಇವರು ಮೀಟರ್ ಇಟ್ಟು ಎಲಿಮೆಂಟ್ ಹೋಗಿದೆ ಅಂತ ತೋರಿಸಿದ್ರು, ಹಳೇ ಪಾರ್ಟ್ ವಾಪಸ್ ಕೊಟ್ರು, ಬಿಲ್ ಕೊಟ್ರು.' ದಟ್ಟಗಳ್ಳಿ ಅಂತಲೂ ಸೇರಿಸಿದ್ದರು. ಗೀಸರ್ ತೊಂದರೆ ಇರೋ ಇನ್ನೊಬ್ಬರು ಹುಡುಕಿದಾಗ ಗೂಗಲ್ ಕೆಲವು ಸಲ ರಿವ್ಯೂನ ಇಂಥ ಸಾಲನ್ನೇ ಹೆಸರಿನ ಕೆಳಗೆ ತೋರಿಸುತ್ತೆ. ಕಾಲ್ ಮಾಡಿದವರು 'ಗೀಸರ್ ಟ್ರಿಪ್ಪಿಂಗ್ ನೋಡ್ತೀರಂತಲ್ಲ' ಅಂತಲೇ ಮಾತು ಶುರು ಮಾಡ್ತಾರೆ. ಅಂಥವರು ರೇಟ್ ವಿಷಯಕ್ಕೆ ಚೌಕಾಸಿ ಮಾಡೋದೂ ಕಮ್ಮಿ.

ಯಾವಾಗ ಕೇಳಬೇಕು? ಫ್ಯಾನ್, ಸ್ವಿಚ್, ಲೈಟ್ ಕೆಲಸ ಆದ್ರೆ ಅವತ್ತೇ ಸಂಜೆ. ಟ್ರಿಪ್ಪಿಂಗ್, ಸೋರಿಕೆ, ಮೋಟಾರ್ ಸ್ಟಾರ್ಟರ್ ಥರದ ಕೆಲಸ ಆದ್ರೆ ಎರಡು ಮೂರು ದಿನ ಬಿಡಿ, ಯಾಕಂದ್ರೆ ಮತ್ತೆ ಟ್ರಿಪ್ ಆಗದೇ ಇರೋದೇ ಅಲ್ಲಿ ಪುರಾವೆ. ಪೈಪ್ ಲೀಕೇಜ್ ನೋಡೋ ಪ್ಲಂಬರ್‌ಗೂ ಇದೇ ಲೆಕ್ಕ, ಗೋಡೆ ಒಣಗಬೇಕಲ್ಲ. ಮನೆಯಲ್ಲಿ ಎದುರಿಗೆ ನಿಂತು 'ಈಗಲೇ ಫೈವ್ ಸ್ಟಾರ್ ಕೊಡಿ ಸಾರ್' ಅನ್ನಬೇಡಿ, ನಿಮ್ಮ ಫೋನ್ ಕೊಟ್ಟು ಬರೆಸಲೂ ಬೇಡಿ. ಪ್ರೊಫೈಲ್‌ನಲ್ಲಿ Ask for reviews ಅಂತ ಒಂದು ಬಟನ್ ಇದೆ, ಅದರಲ್ಲಿ ಲಿಂಕ್ ಸಿಗುತ್ತೆ. ನಾನು ವಾಟ್ಸಾಪ್‌ನಲ್ಲಿ ಕಳಿಸೋದು ಇಷ್ಟೇ:

'ನಮಸ್ಕಾರ ಮೇಡಂ. ಗೀಸರ್ ಮತ್ತೆ ಟ್ರಿಪ್ ಆಯ್ತಾ? ಆಗಿದ್ರೆ ಇದೇ ನಂಬರ್‌ಗೆ ಹೇಳಿ, ಬಂದು ನೋಡ್ತೀನಿ. ಬಿಲ್ ಮತ್ತು ಹಳೇ ಎಲಿಮೆಂಟ್ ಫೋಟೋ ಮೇಲಿದೆ. ಬಿಡುವಾದಾಗ ಏನಾಗಿತ್ತು, ಕೆಲಸ ಹೇಗಿತ್ತು ಅಂತ ಈ ಲಿಂಕ್‌ನಲ್ಲಿ ನಿಮ್ಮ ಮಾತಲ್ಲೇ ಬರೆದರೆ ಉಪಕಾರ. ಕನ್ನಡದಲ್ಲೂ ಬರೀಬಹುದು.'

ಕೊನೆಯ ಸಾಲು ಬಿಡಬೇಡಿ. ಇಂಗ್ಲಿಷ್‌ನಲ್ಲೇ ಬರೀಬೇಕೇನೋ ಅಂತ ಹಿಂಜರಿದು ಬರೀದೇ ಇರೋ ಹಿರಿಯರು ನಮ್ಮ ಕಡೆ ಬಹಳ ಜನ ಇದ್ದಾರೆ. ಇನ್ನು, ರಿವ್ಯೂ ಬರೆದ್ರೆ 50 ರೂಪಾಯಿ ಕಮ್ಮಿ ಅನ್ನೋದು, ಖುಷಿಯಾದವರಿಗೆ ಮಾತ್ರ ಆರಿಸಿ ಲಿಂಕ್ ಕಳಿಸೋದು, ಮನೆಯವರ ಕೈಲಿ ಬರೆಸೋದು, ಈ ಮೂರೂ ಗೂಗಲ್ ನಿಯಮಕ್ಕೆ ವಿರುದ್ಧ. ಕೆಲಸ ಮಾಡಿಸಿದ ಎಲ್ಲರಿಗೂ ಒಂದೇ ಮೆಸೇಜ್ ಹೋಗಲಿ. ಎಲ್ಲರೂ ಬರೆಯಲ್ಲ, ಒಂದು ಸಲ ಕೇಳಿದ ಮೇಲೆ ಬೆನ್ನು ಹತ್ತಬೇಡಿ.

ಕೆಟ್ಟ ರಿವ್ಯೂ ಬಂದೇ ಬರುತ್ತೆ. ನನಗೊಬ್ಬರು ಒಂದು ಸ್ಟಾರ್ ಕೊಟ್ಟು 'ಐದು ನಿಮಿಷದ ಕೆಲಸಕ್ಕೆ 350 ತಗೊಂಡ್ರು' ಅಂತ ಬರೆದರು. ನ್ಯೂಟ್ರಲ್ ವೈರ್ ಲೂಸ್ ಆಗಿ ಸ್ವಿಚ್ ಬೋರ್ಡಿನ ಒಳಗೆ ಕರಗೋಕೆ ಶುರುವಾಗಿತ್ತು, ಅದನ್ನು ಕತ್ತರಿಸಿ ಹೊಸದಾಗಿ ಕಟ್ಟಿದ್ದೆ. ನಾನು ಬರೆದ ಉತ್ತರ: 'ಸಾರ್, ಬರೆದದ್ದಕ್ಕೆ ಧನ್ಯವಾದ. ಮನೆಗೆ ಬಂದು ನೋಡೋಕೆ 250, ಕನೆಕ್ಟರ್ ಮತ್ತು ಕೆಲಸಕ್ಕೆ 100, ಇದನ್ನು ಬರೋ ಮೊದಲೇ ಫೋನ್‌ನಲ್ಲಿ ಹೇಳಿದ್ದೆ, ಬಿಲ್‌ನಲ್ಲೂ ಬೇರೆಬೇರೆ ಬರೆದಿದೆ. ನ್ಯೂಟ್ರಲ್ ಸುಟ್ಟಿದ್ದ ಫೋಟೋ ನಿಮಗೆ ಕಳಿಸಿದ್ದೀನಿ. ಮತ್ತೆ ತೊಂದರೆ ಆದ್ರೆ ಹೇಳಿ, ಬರ್ತೀನಿ.' ಅವರು ಸ್ಟಾರ್ ಬದಲಾಯಿಸಲಿಲ್ಲ. ಆದ್ರೆ ಅದನ್ನು ಓದಿಯೇ 'ರೇಟ್ ಮೊದಲೇ ಹೇಳ್ತೀರಲ್ಲ, ಅದಕ್ಕೇ ಕರೆದೆ' ಅಂದವರು ಇದ್ದಾರೆ. ಉತ್ತರವನ್ನು ಬರೆದವರಿಗಲ್ಲ, ಮುಂದೆ ಓದೋರಿಗೆ ಅಂತ ಬರೀರಿ. ಅವರ ಮನೆ ನಂಬರ್, ಫೋನ್ ನಂಬರ್ ಮಾತ್ರ ಹಾಕಬೇಡಿ. ನೀವು ಹೋಗೇ ಇಲ್ಲದ ಮನೆಯವರು, ಅಥವಾ ಪೈಪೋಟಿಯವರು ಬರೆದದ್ದಾದ್ರೆ ರಿಪೋರ್ಟ್ ಮಾಡಿ. ಬರೀ 'ನನಗೆ ಒಪ್ಪಿಗೆ ಇಲ್ಲ' ಅನ್ನೋ ಕಾರಣಕ್ಕೆ ಗೂಗಲ್ ರಿವ್ಯೂ ತೆಗೆಯಲ್ಲ, ನಿಯಮ ಮುರಿದಿದ್ರೆ ಮಾತ್ರ ತೆಗೆಯುತ್ತೆ.

ಫೋಟೋ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನೆಟ್‌ನಿಂದ ತೆಗೆದ ಚಿತ್ರ ಬೇಡ. ನೀವೇ ಕಟ್ಟಿದ ಡಿಬಿ ಬೋರ್ಡ್‌ನ ಒಳಗಿನ ಫೋಟೋ ಒಂದು ಸಾಕು, ಗೊತ್ತಿರೋರು ಅದರಲ್ಲೇ ಕೈ ಎಂಥದ್ದು ಅಂತ ಹೇಳ್ತಾರೆ. ವಿದ್ಯುತ್ ಪರಿವೀಕ್ಷಣಾಲಯ ಕೊಟ್ಟ ಪರ್ಮಿಟ್ ಅಥವಾ ಲೈಸೆನ್ಸ್ ಇದ್ದರೆ ಅದನ್ನೂ ವಿವರಣೆಯಲ್ಲಿ ಬರೀರಿ. ಹೊಸ ಮನೆ ಕಟ್ಟಿಸೋರು ಮೀಟರ್ ಕನೆಕ್ಷನ್‌ಗೆ ಲೈಸೆನ್ಸ್ ಇರೋರನ್ನೇ ಹುಡುಕ್ತಾರೆ.

ಇಷ್ಟೆಲ್ಲ ಆದ ಮೇಲೂ ನನಗೆ ದೊಡ್ಡ ಕೆಲಸ ತಂದುಕೊಡೋದು ಒಬ್ಬರು ಇನ್ನೊಬ್ಬರಿಗೆ ಹೇಳೋ ಮಾತೇ. ಅದೀಗ ಅಪಾರ್ಟ್‌ಮೆಂಟಿನ, ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ನಡೆಯುತ್ತೆ. 'ಒಳ್ಳೆ ಎಲೆಕ್ಟ್ರಿಷಿಯನ್ ಯಾರಾದ್ರೂ ಇದ್ದಾರಾ' ಅಂತ ಒಬ್ಬರು ಕೇಳ್ತಾರೆ, ಇನ್ನೊಬ್ಬರು ನಿಮ್ಮ ಕಾಂಟ್ಯಾಕ್ಟ್ ಹಾಕ್ತಾರೆ, ನೋಡಿದವರು ಆ ಹೆಸರನ್ನು ಗೂಗಲ್‌ನಲ್ಲಿ ಒಂದು ಸಲ ಹುಡುಕಿ ಆಮೇಲೆ ಕಾಲ್ ಮಾಡ್ತಾರೆ. ಅದಕ್ಕೇ ಬಿಲ್ಲು, ವಾಟ್ಸಾಪ್ ಬಿಸಿನೆಸ್, ಗೂಗಲ್, ಮೂರರಲ್ಲೂ ಹೆಸರು ಒಂದೇ ಇರಲಿ, ನಂಬರ್ ಒಂದೇ ಇರಲಿ. ಹೊಸ ಸಿಮ್ ಆಫರ್ ಬಂತು ಅಂತ ನಂಬರ್ ಬದಲಾಯಿಸಬೇಡಿ. ಗ್ರೂಪ್‌ಗಳಲ್ಲಿ ಯಾವತ್ತೋ ಹಂಚಿದ ಕಾಂಟ್ಯಾಕ್ಟ್‌ಗೆ ವರ್ಷ ಕಳೆದ ಮೇಲೂ ಕಾಲ್ ಬರುತ್ತೆ. ಹಳೇ ನಂಬರನ್ನು ಬಳಸದೆ ಬಿಟ್ಟರೆ ಕಂಪನಿಯವರು ಕೆಲವು ತಿಂಗಳಲ್ಲಿ ಅದನ್ನು ಬೇರೆಯವರಿಗೆ ಕೊಟ್ಟುಬಿಡಬಹುದು. ಎರಡನೇ ಸಿಮ್ ಬೇಕೇಬೇಕು ಅನಿಸಿದ್ರೆ ಅದನ್ನು ಮನೆಯವರ ಬಳಕೆಗೆ ಇಟ್ಟುಕೊಳ್ಳಿ, ಕೆಲಸದ ನಂಬರ್‌ಗೆ ತಪ್ಪದೆ ರೀಚಾರ್ಜ್ ಮಾಡಿಸಿ.