ಸತ್ತ ದೇಶದ ಕೋಡು ಇನ್ನೊಬ್ಬರ ಕೊರಳಿಗೆ

"ಸಂಪಾದಕರೇ, ನಮ್ಮ ಆಫೀಸಿನ ಹಳೇ ಫೈಲಲ್ಲಿ ಕೆಲವು ವಿಳಾಸಗಳ ಮುಂದೆ CS ಅಂತ ದೇಶದ ಕೋಡಿದೆ. ಒಬ್ಬರು ಚೆಕೊಸ್ಲೊವಾಕಿಯಾ ಅಂತಾರೆ, ಇನ್ನೊಬ್ಬರು ಸರ್ಬಿಯಾ ಅಂತಾರೆ. ಯಾರು ಸರಿ? ಹೆಸರು ಬದಲಾದ್ರೆ ಕೋಡೂ ಬದಲಾಗೋದೇ ನ್ಯಾಯ ಅಲ್ವಾ?" — ಒಬ್ಬ ಓದುಗ

ಇಬ್ಬರೂ ಸರಿ ಸ್ವಾಮಿ, ಅದೇ ತಾನೇ ಗೋಳು!

1993ರಲ್ಲಿ ಚೆಕೊಸ್ಲೊವಾಕಿಯಾ ಇಬ್ಭಾಗ ಆಯ್ತು, CZ ಮತ್ತು SK ಬಂದ್ವು, CS ಖಾಲಿ ಬಿತ್ತು. ಹತ್ತು ವರ್ಷ ಕಳೀತು. 2003ರಲ್ಲಿ ಯುಗೊಸ್ಲಾವಿಯಾ ತನ್ನ ಹೆಸರನ್ನ 'ಸರ್ಬಿಯಾ ಮತ್ತು ಮಾಂಟೆನೆಗ್ರೊ' ಅಂತ ಬದಲಾಯಿಸಿಕೊಂಡಾಗ ದೇಶಗಳ ಕೋಡುಗಳ ಅಂತರರಾಷ್ಟ್ರೀಯ ಪಟ್ಟಿಯಾದ ಐಎಸ್‌ಒ 3166 ನೋಡ್ಕೊಳ್ಳೋ ಏಜೆನ್ಸಿ YU ತೆಗೆದು ಅದೇ ಹಳೇ CS ಎತ್ತಿ ಕೊಟ್ಟುಬಿಡ್ತು. ಮೂರೇ ವರ್ಷ, 2006ರಲ್ಲಿ ಅದೂ ಒಡೆದು RS, ME ಆಯ್ತು. ಸತ್ತ ಕೋಡುಗಳಿಗೆ ಪಟ್ಟಿಯ ಮೂರನೇ ಭಾಗದಲ್ಲಿ ನಾಲ್ಕಕ್ಷರದ ಸಮಾಧಿ ಇರುತ್ತೆ. ಅಲ್ಲಿ ಮೊದಲನೇದು CSHH ಅಂತ ಮಲಗಿತ್ತು, ಎರಡನೇದಕ್ಕೆ ಜಾಗ ಇಲ್ದೆ CSXX ಅಂತ ಮಾಡ್ಬೇಕಾಯ್ತು. ಗಲಾಟೆ ಆದ್ಮೇಲೆ ಬುದ್ಧಿ ಬಂತು, ಈಗ ಬಿಟ್ಟ ಕೋಡನ್ನ ಕನಿಷ್ಠ 50 ವರ್ಷ ಯಾರಿಗೂ ಕೊಡಲ್ಲ.

ಹೆಸರು ಬದಲಾದಾಗ ಕೋಡೂ ಬದಲಾಗ್ಲಿ ಅನ್ನೋ ನಿಮ್ಮ ಮಾತಲ್ಲಿ ಅರ್ಥ ಇದೆ, ತಮ್ಮ ಹೆಸರಿನ ಅಕ್ಷರ ಬೇಕು ಅಂತ ಯಾರಿಗಾದ್ರೂ ಅನ್ಸುತ್ತೆ, ಬರ್ಮಾ ಮ್ಯಾನ್ಮಾರ್ ಆದಾಗ BU ಹೋಗಿ MM ಬಂತು. ಆದ್ರೆ ಸ್ವಾಜಿಲ್ಯಾಂಡ್ 2018ರಲ್ಲಿ ಎಸ್ವಾಟಿನಿ ಆದ್ರೂ SZ ಹಾಗೇ ಇದೆ, ಆಕಾಶ ಏನೂ ಬೀಳ್ಲಿಲ್ಲ.

ನನಗೆ ನಿಜವಾಗ್ಲೂ ಪ್ರೀತಿ ಇರೋದು ಅಕ್ಷರದ ಜೊತೆಗೆ ಪ್ರತಿ ದೇಶಕ್ಕೂ ಇರೋ, ಯಾರೂ ತಿರುಗಿ ನೋಡದ ಆ ಮೂರಂಕಿ ಕೋಡಿನ ಮೇಲೆ. ಅದನ್ನ ಕೊಡೋದು ವಿಶ್ವಸಂಸ್ಥೆಯ ಅಂಕಿಅಂಶ ವಿಭಾಗ. ಅದಕ್ಕೆ ಹೆಸರಿನ ಹಂಗಿಲ್ಲ, ನೆಲದ ಲೆಕ್ಕ ಅಷ್ಟೇ: ಬರ್ಮಾದ 104 ಮ್ಯಾನ್ಮಾರಿಗೂ 104. ಆದ್ರೆ ಎರಡು ಜರ್ಮನಿ ಒಂದಾದಾಗ DE ಅಲ್ಲಾಡ್ಲಿಲ್ಲ, ಅಂಕಿ ಮಾತ್ರ 280ರಿಂದ 276 ಆಯ್ತು. 2011ರಲ್ಲಿ ದಕ್ಷಿಣ ಸುಡಾನ್ ಬೇರೆ ಆದಾಗ ಉಳಿದ ಸುಡಾನ್ SD ಆಗೇ ಇತ್ತು, 736 ಹೋಗಿ 729 ಬಂತು. ಅಕ್ಷರ ಮುಚ್ಚಿಟ್ಟದ್ದನ್ನ ಅಂಕಿ ಹೇಳಿಬಿಡುತ್ತೆ.

ಈಗ ನಿಮ್ಮ ಫೈಲು ತೆಗೀರಿ. CS ಪಕ್ಕ 200 ಇದ್ರೆ ಚೆಕೊಸ್ಲೊವಾಕಿಯಾ, 891 ಇದ್ರೆ ಸರ್ಬಿಯಾ ಮತ್ತು ಮಾಂಟೆನೆಗ್ರೊ. ಅಂಕಿ ಇಲ್ವಾ? ತಾರೀಖು ನೋಡಿ. ಅದೂ ಬರೆದಿಟ್ಟಿಲ್ಲ ಅಂದ್ರೆ ಬೈಸಿಕೊಳ್ಳೋದು ಏಜೆನ್ಸಿ ಅಲ್ಲ, ನೀವೇ! ಆಮೇಲೆ ಊರಿನ ಹೆಸರು ಹಿಡಿದು ಒಂದೊಂದೇ ಸಾಲು ಬಿಡಿಸ್ತಾ ಕೂರಿ, ಬ್ರಾಟಿಸ್ಲಾವಾ ಒಂದು ಕಡೆ, ಬೆಲ್‌ಗ್ರೇಡ್ ಒಂದು ಕಡೆ.

ಈ ಮರುಬಳಕೆ ಚಟ ಕಂಡ್ರೇ ನನಗೆ ಉರಿಯುತ್ತೆ ಬಿಡಿ. ಹೊಸ ಮೊಬೈಲ್ ನಂಬರ್ ತಗೊಂಡು ಎರಡು ವರ್ಷ ಆಯ್ತು, ಯಾರದೋ ಸಾಲಕ್ಕೆ ನನಗೆ ಇವತ್ತಿಗೂ ಫೋನ್ ಬರ್ತಿದೆ.